ತಾಟಿನಲ್ಲಿ ಕೈ ತೊಳೆಯುವ ಗಂಡ

ಊಟ ಮುಗಿಸಿ ಉಂಡ ತಾಟಿನಲ್ಲೇ ಕೈ ತೊಳೆಯುವ ಗಂಡಸರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ರಾಯಚೂರು ಕಡೆ ಇದೇನು ಹೊಸದಲ್ಲ, ಮನೆಮನೆಯ ರೂಢಿ. ಕೂತಲ್ಲೇ ನೀರಿನ ಚರಿಗೆ ಎತ್ತಬೇಕು, ತಾಟಿನೊಳಗೆ ಕೈ ಹಿಡಿದು ಸುರುವಿಕೊಳ್ಳಬೇಕು, ಬಾಯಿ ಒರೆಸಿಕೊಂಡು ಎದ್ದುಹೋಗಬೇಕು. ಆಮೇಲೆ ಆ ತಾಟಿನಲ್ಲಿ ಅರ್ಧ ರೊಟ್ಟಿಯ ಚೂರು, ಕರಿಬೇವು, ಅನ್ನದ ಅಗಳು ಎಲ್ಲ ತೇಲುತ್ತಿರುತ್ತವೆ. ಅದರಲ್ಲಿ ಕೈ ಅದ್ದಿ ಎತ್ತುವವಳಿಗೇ ಗೊತ್ತು ಅದರ ಸುಖ.

ನಮ್ಮವರು ದೇವದುರ್ಗದವರು. ಅವರ ಮನೆಯಲ್ಲಿ ಅಜ್ಜನಿಂದ ಹಿಡಿದು ಮೊನ್ನೆ ಹುಟ್ಟಿದ ಗಂಡುಕೂಸಿನವರೆಗೆ ಎಲ್ಲರೂ ಹೀಗೆಯೇ. ನಾನು ಮಾನ್ವಿಯವಳು. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ. ದಿನವಿಡೀ ಕಾಲಡಿಯಲ್ಲಿ ಅಕ್ಕಿ ಬಿದ್ದಿರುತ್ತಿದ್ದರೂ ತಾಟಿನಲ್ಲಿ ಒಂದಗಳು ಬಿಟ್ಟವನಲ್ಲ. ಉಂಡಾದ ಮೇಲೆ ತಾಟನ್ನು ಬೆರಳಿನಿಂದ ಬಳಿದು ನೆಕ್ಕುವನು, ಎರಡು ಗುಟುಕು ನೀರು ಹಾಕಿ ಸುತ್ತಲೂ ತಿರುಗಿಸುವನು, ಆ ನೀರನ್ನು ಎತ್ತಿ ಕುಡಿದುಬಿಡುವನು. ಪ್ರಸಾದ ಚೆಲ್ಲಬಾರದು ಅನ್ನುವ ಶಿವಭಕ್ತರ ಮನೆ ನಮ್ಮದು. ಆಮೇಲೆ ತಾನೇ ತಾಟನ್ನು ಬಚ್ಚಲಿಗೆ ಒಯ್ದು ಬೋರಲು ಹಾಕುವನು. ಅಪ್ಪನ ತಾಟಿಗೆ ಬೂದಿಯೂ ಬೇಕಿರಲಿಲ್ಲ, ಒಂದು ತಂಬಿಗೆ ನೀರು ಸಾಕಾಗುತ್ತಿತ್ತು.

ಮದುವೆಯಾದ ಹೊಸದರಲ್ಲಿ ಇವರು ಮಾನ್ವಿಗೆ ಬಂದಾಗ ಅಪ್ಪ ಹಾಗೆ ಕುಡಿಯುವುದನ್ನು ನೋಡಿ ಕಣ್ಣು ಕಣ್ಣು ಬಿಟ್ಟಿದ್ದರು. ಅಪ್ಪ ನಕ್ಕು, "ನಿಮಗ ಬ್ಯಾಡ್ರಿ ಅಳಿಯಂದಿರ, ನಿಮ್ಮ ಮನಿ ರೂಢಿ ನಿಮಗ" ಅಂದಿದ್ದ. ಅಪ್ಪನಿಗೆ ಅಳಿಯನ ಮೇಲೆ ಭಾಳ ಅಕ್ಕರೆ. ರಾಯಚೂರಿನ ಸರಕಾರಿ ಕಚೇರಿಯಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವ ಅಳಿಯ ಅಂದರೆ ಸುಮ್ಮನೇನು?

ಅಪ್ಪ ಹೋದದ್ದು ನನ್ನ ನಾದಿನಿಯ ಮದುವೆಯ ದಿನ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆ ದೇವದುರ್ಗದಲ್ಲಿ, ಇವರ ಮನೆಯಂಗಳದಲ್ಲೇ. ನಾನು ಹಿರಿಸೊಸೆ. ಮುಸುರೆ ತಿಕ್ಕಲು ಹೇಳಿದ್ದ ಹೆಂಗಸರು ಕೈಕೊಟ್ಟಿದ್ದರು. ಬೆಳಗಿನಿಂದ ಹಿತ್ತಲಲ್ಲಿ ಕೂತು ಹಂಡೆ, ಪರಾತ, ಬೋಗುಣಿ ತಿಕ್ಕಿದ್ದೇ ತಿಕ್ಕಿದ್ದು. ಸಂಜೆಗೆ ಬೀಗರೆಲ್ಲ ಹೊರಟ ಮೇಲೆ ಇವರು ಹಿತ್ತಲಿಗೆ ಬಂದು, "ನಿಮ್ಮಪ್ಪಗ ಆರಾಮಿಲ್ಲಂತ, ಹೋಗೂಣು ನಡಿ" ಅಂದರು. ಕೈಯ ಬೂದಿ ತೊಳೆದು ಹಾಗೇ ಹೊರಟೆ. ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿ ಮುಟ್ಟಿದಾಗ ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು.

ಅವ್ವ ಮೊದಲೇ ತೀರಿಕೊಂಡಿದ್ದಳು. ಅಣ್ಣ ಕೆಲಸದ ಮೇಲೆ ಹಿರೇಕೊಟ್ನೆಕಲ್‌ಗೆ ಹೋಗಿದ್ದವನು ಮಧ್ಯಾಹ್ನ ಬಂದಾಗ ಅಪ್ಪನ ಮಾತು ನಿಂತುಹೋಗಿತ್ತಂತೆ. ನಸುಕಿನಲ್ಲಿ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನನ್ನು ಯಾರೋ ಒಬ್ಬ ಲಾರಿ ಡ್ರೈವರು ದವಾಖಾನೆಗೆ ಸಾಗಿಸಿದ್ದ. ಅಣ್ಣ ಅಳುತ್ತಲೇ ನನಗೆ, "ಆ ಲಾರಿ ದೇವದುರ್ಗಕ್ಕ ಹೊಂಟಿತ್ತಂತ ಗಿರಣಿಯವರು ಅವನ ಕೈಲೇ ಮುಂಜಾನಿ ಖಬರು ಕಳಿಸ್ಯಾರಲ್ಲವಾ, ಯಾಕ ಇಷ್ಟ ತಡಾ ಮಾಡಿದಿ?" ಅಂದ.

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

ಮುಂಜಾನೆ ಬಂದ ಖಬರು ಇವರ ಕಿವಿಗೆ ಮುಂಜಾನೆಯೇ ಬಿದ್ದಿತ್ತೋ, ಅಥವಾ ಮನೆಯ ಹಿರಿಯರು ಮುಚ್ಚಿಟ್ಟು ಸಂಜೆಗೆ ಹೇಳಿದರೋ? ಇದೊಂದು ಪ್ರಶ್ನೆ. ಇದನ್ನು ನಾನು ವರ್ಷಗಟ್ಟಲೆ ಕೇಳಲಿಲ್ಲ. ಬಾಯಿ ಇಲ್ಲದವಳು ಅಂತಲ್ಲ, ನನ್ನ ಬಾಯಿ ನಮ್ಮ ಓಣಿಗೆಲ್ಲ ಗೊತ್ತು. ಕೇಳಿದರೆ "ಗೊತ್ತಿತ್ತು" ಅಂದುಬಿಟ್ಟಾರು ಅನ್ನುವ ಹೆದರಿಕೆ. ಹಾಗಂದಮೇಲೆ ಆ ಮನುಷ್ಯನ ಜೊತೆ ಸಂಸಾರ ಮಾಡುವುದು ನನ್ನಿಂದ ಆದೀತೆ? ಮಗಳು ಹುಟ್ಟಿದ್ದಳು. ನನಗೂ ರಾಯಚೂರಿನ ಒಂದು ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಇವರು ಕೆಟ್ಟವರಲ್ಲ, ಕುಡಿತವಿಲ್ಲ, ಕೈ ಮಾಡಿದವರಲ್ಲ. ನಾನು ಕೆಮ್ಮಿದರೆ ರಾತ್ರಿಯೇ ಎದ್ದು ಬಿಸಿನೀರು ಕಾಸುವವರು. ಕೇಳಿ ಇದನ್ನೆಲ್ಲ ಕಳಕೊಳ್ಳುವುದಕ್ಕಿಂತ ಕೇಳದೆ ಇರುವುದು ಲೇಸು ಅಂದುಕೊಂಡೆ. ಆದರೆ ದೇವದುರ್ಗದ ಹೊಸ್ತಿಲು ಮಾತ್ರ ಮತ್ತೆ ತುಳಿಯಲಿಲ್ಲ. ಹಬ್ಬ ಬಂದರೆ ನನಗೆ ಜ್ವರ ಬರುತ್ತಿತ್ತು, ಇಲ್ಲವೇ ಶಾಲೆಯಲ್ಲಿ ಪರೀಕ್ಷೆ ಇರುತ್ತಿತ್ತು.

ಹೀಗೇ ವರ್ಷಗಳು ಕಳೆದ ಮೇಲೆ ಬೇಸಿಗೆಯ ಒಂದು ಭಾನುವಾರ ಬಂತು. ಸ್ಟೇಷನ್ ಕಡೆಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ರಾಯಚೂರಿನ ಬಿಸಿಲು ಹೇಳಬೇಕೆ, ಮಧ್ಯಾಹ್ನ ಬಾಗಿಲ ಚಿಲಕ ಮುಟ್ಟಿದರೆ ಕೈ ಸುಡುತ್ತಿತ್ತು. ಅವತ್ತು ನಳದಲ್ಲಿ ನೀರು ಬಂದಿರಲಿಲ್ಲ. ಡ್ರಮ್ಮಿನ ತಳದಲ್ಲಿ ಸ್ವಲ್ಪ, ಕೊಡದಲ್ಲಿ ಕುಡಿಯಲು ಸ್ವಲ್ಪ. ಇವರು ಉಂಡರು. ಚರಿಗೆ ತುಂಬ ಇದ್ದ ಕುಡಿಯುವ ನೀರನ್ನು ಹಾಯಾಗಿ ತಾಟಿಗೆ ಸುರುವಿ ಕೈ ತೊಳೆದರು.

"ಕುಡ್ಯಾಕ ನೀರಿಲ್ಲ ಮನ್ಯಾಗ. ನಿಮಗ ತಾಟಿನ್ಯಾಗ ಕೆರಿ ತುಂಬಸಬೇಕೇನು?" ಅಂದೆ.

"ಒಂದ್ ಚರಿಗಿ ನೀರಿಗೆ ಇಷ್ಟ್ಯಾಕ ಬಾಯಿ ಮಾಡ್ತಿ?"

"ಎದ್ದು ನಾಕ್ ಹೆಜ್ಜಿ ಬಚ್ಚಲಕ್ಕ ಹೋಗಾಕ ಕಾಲಿಗೇನಾಗ್ಯಾದ?"

"ನಮ್ಮ ಮನ್ಯಾಗ ಎಲ್ಲಾರೂ ಹಿಂಗ ತೊಳ್ಕೊಂತಾರ. ನಮ್ಮವ್ವ ಎಂದೂ ಅಂದಿಲ್ಲ."

ಸರಿ, ಅವ್ವನ ಹೆಸರು ಬಂತಲ್ಲ, ಮುಗೀತು ಕಥೆ. ನಾನು ಎಲ್ಲ ಪಾತ್ರೆ ತಿಕ್ಕಿ, ಇವರ ಒಂದು ತಾಟನ್ನು ಮಾತ್ರ ಹಾಗೇ ಬಿಟ್ಟೆ. ತಮ್ಮ ತಾಟು ಬಿದ್ದದ್ದನ್ನು ಇವರು ನೋಡಿದರು, ನೋಡದವರಂತೆ ಹೋದರು. ಸಂಜೆ ಬೇರೆ ತಾಟಿನಲ್ಲಿ ಉಂಡು, ಅದರಲ್ಲೂ ಕೈ ತೊಳೆದಿಟ್ಟರು. ಅದನ್ನೂ ಬಿಟ್ಟೆ. ಎಂಥ ಹಟ! ಮರುದಿನ ನಾನು ಶಾಲೆಗೆ, ಇವರು ಕಚೇರಿಗೆ. ಮನೆಯೊಳಗೆ ಮಾತಿಲ್ಲ. ಅಡುಗೆ ಆದರೆ ನಾನು ಒಲೆಗೆ ಹೇಳುತ್ತಿದ್ದೆ, "ಉಣ್ಣವರು ಇದ್ರ ಉಣ್ಣಲಿ." ಇವರು ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಿದ್ದರು, "ಹಸಿವಿಲ್ಲ." ಆಮೇಲೆ ಬಂದು ಉಣ್ಣುತ್ತಿದ್ದರು. ಮಗಳು ನಮ್ಮಿಬ್ಬರ ಮುಖ ಮಿಕಿಮಿಕಿ ನೋಡಿ ಎದುರುಮನೆಗೆ ಆಡಲು ಓಡುತ್ತಿದ್ದಳು. ಬಚ್ಚಲಲ್ಲಿ ಇವರ ತಾಟುಗಳು ಒಂದರ ಮೇಲೊಂದು ಬಿದ್ದು, ಬೇಳೆ ಒಣಗಿ ಪಕ್ಕು ಕಟ್ಟಿ, ಇರುವೆ ಮುತ್ತಿದವು. ಕಡೆಗೆ ಮನೆಯಲ್ಲಿ ಉಳಿದದ್ದು ಒಂದೇ ತಾಟು, ನನ್ನದು.

ಎರಡೋ ಮೂರೋ ದಿನ ಹೀಗೆ ಕಳೆಯಿತು. ಅವತ್ತು ಯಾವುದೋ ಸರಕಾರಿ ರಜೆ. ಮಧ್ಯಾಹ್ನ ನನ್ನ ತಾಟಿನಲ್ಲೇ ಇವರಿಗೆ ಬಡಿಸಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು. ಇವರು ನಿಧಾನ ಉಂಡರು. ಒಂದಗಳು ಬಿಡದೆ ತಾಟು ಬಳಿದರು. ಆಮೇಲೆ ಸ್ವಲ್ಪವೇ ನೀರು ಹಾಕಿ, ತಾಟನ್ನು ಎರಡೂ ಕೈಯಲ್ಲಿ ಎತ್ತಿ ಸುತ್ತಲೂ ತಿರುಗಿಸಿ, ಸೊರ್ ಎಂದು ಕುಡಿದರು. ಕುಡಿದು ನನ್ನ ಕಡೆ ನೋಡಿ ಒಂದು ನಗೆ ಬೇರೆ ನಕ್ಕರು.

ನನಗೆ ತಲೆಯೊಳಗೆ ಬೆಂಕಿ ಬಿದ್ದ ಹಾಗಾಯಿತು.

"ಸತ್ತ ಮನಿಷ್ಯಾನ್ನ ಆಡಿಕೊಳ್ಳಾಕತ್ತೀರೇನು? ನಮ್ಮಪ್ಪ ನಿಮಗೇನು ಮಾಡಿದ್ದ?"

ಇವರ ನಗೆ ಅಲ್ಲೇ ಆರಿತು. "ಹಂಗಲ್ಲಲೇ... ನಿನಗ ಖುಷಿ ಆದೀತು ಅಂತ ಮಾಡಿದೆ. ನಿಮ್ಮಪ್ಪ ಹಿಂಗ ಮಾಡ್ತಿದ್ರಲ್ಲ."

ಎಂಥ ಪೆದ್ದ ಮನುಷ್ಯ ನೋಡಿ! ಜಗಳ ಮುಗಿಸಲು ಊರಲ್ಲಿ ಮಲ್ಲಿಗೆ ಹೂವಿಲ್ಲವೆ, ಮಿರ್ಚಿ ಭಜಿ ಇಲ್ಲವೆ? ಹೋಗಿ ಹೋಗಿ ಅಪ್ಪನ ತಾಟಿಗೆ ಕೈ ಹಾಕಿದ್ದರು. ಸಮಾಧಾನ ಮಾಡಲು ಬಂದದ್ದು ಅಂತ ಇವತ್ತು ನನಗೆ ಗೊತ್ತು. ಆ ಗಳಿಗೆಯಲ್ಲಿ ಅದು ಅಣಕದ ಹಾಗೆಯೇ ಕಂಡಿತು. ನಾನು ದಡದಡ ಎದ್ದು ಬಚ್ಚಲಿಗೆ ಹೋಗಿ ಕೂತು, ಬೂದಿಯ ಡಬ್ಬಿ ಎಳೆದುಕೊಂಡು ಆ ಒಣಗಿದ ತಾಟುಗಳನ್ನೆಲ್ಲ ತಿಕ್ಕತೊಡಗಿದೆ. ಓಣಿಗೆಲ್ಲ ಕೇಳುವ ಹಾಗೆ ತಾಟು ಕುಕ್ಕಿದೆ.

ಸ್ವಲ್ಪ ಹೊತ್ತಿಗೆ ಇವರು ಬಂದರು. ಲುಂಗಿ ಎತ್ತಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಕೆಟ್ಟಿನ ನೀರಿಗೆ ಕೈ ಹಾಕಿದರು. ಮೊದಲು ಕೈಗೆತ್ತಿಕೊಂಡದ್ದು ಒಗ್ಗರಣೆಯ ಎಣ್ಣೆ ಬಟ್ಟಲನ್ನು. ಅದನ್ನು ಬಕೆಟ್ಟಿಗೆ ಅದ್ದಿದ ಕೂಡಲೇ ನೀರಿನ ಮೇಲೆಲ್ಲ ಎಣ್ಣೆ ಹರಡಿತು. ಅದರಲ್ಲೇ ಚಹದ ಕಪ್ಪು ಮುಳುಗಿಸಿದರು.

"ಅಯ್ಯ! ಮದ್ಲ ಕಪ್ಪು, ಗಿಲಾಸು ತೊಳಿಬೇಕ್ರಿ. ಆಮ್ಯಾಲ ತಾಟು. ಜಿಡ್ಡಿಂದು ಕಡೀಕ. ಒಲಿ ಮ್ಯಾಲಿನ ಮಸಿ ಬೋಗುಣಿ ಎಲ್ಲಕ್ಕಿಂತ ಕಡೀಕ. ಜಿಡ್ಡಿಗೆ ನೀರು ತಾಗಿಸಬಾರ್ದು, ಒಣಾ ಬೂದಿಲೇ ಮದ್ಲ ಒರಸಬೇಕು."

ಮಾತಾಡಬಾರದು ಅಂತ ಹಟ ಹಿಡಿದಿದ್ದ ಬಾಯಿಂದ ಇಷ್ಟೆಲ್ಲ ಬಂದುಬಿಟ್ಟಿತು. ಕೆಲಸ ಕೆಡುತ್ತಿದ್ದರೆ ನೋಡಿಕೊಂಡು ಕೂರುವುದು ನನ್ನಿಂದಾಗದು. ಇವರು ಎಣ್ಣೆ ನೀರು ಚೆಲ್ಲಿದರು, ಬೂದಿ ತಗೊಂಡರು. ಒಣಗಿದ ಬೇಳೆಯನ್ನು ಉಗುರಿನಿಂದ ಕೆರೆಯತೊಡಗಿದರು. ಅದಕ್ಕೆ ನೀರು ಚಿಮುಕಿಸಿ ಸ್ವಲ್ಪ ನೆನೆಯಲು ಬಿಡಬೇಕು ಅಂತ ಹೇಳಲಿಲ್ಲ. ಕೆರೆಯಲಿ ಅಂತ ಬಿಟ್ಟೆ.

"ಒಂದು ಆಳು ಇಡೂಣೇನು? ಮುಸುರಿ ತಿಕ್ಕಾಕ?" ಅಂದರು.

"ಆಳು ಬೇಕಂತ ಕೇಳಿದ್ನೇನು ನಾ?" ಮತ್ತೆ ರೇಗಿತು. ನನ್ನ ಸಿಟ್ಟಿಗೆ ಆಳಿಟ್ಟು ಕೈ ತೊಳೆದುಕೊಳ್ಳಲು ನೋಡುತ್ತಿದ್ದಾರೆ ಅನಿಸಿತು. "ನಾ ಅಷ್ಟ ತಿಕ್ಕಿಲ್ಲೇನು ನಿಮ್ಮ ಮನ್ಯಾಗ? ಇಡೀ ಮದಿವಿ ಮುಸುರಿ ತಿಕ್ಕೀನಿ!"

ಮದುವೆಯ ಮಾತು ತೆಗೆಯಬೇಕು ಅಂತ ನಾನು ಅಂದುಕೊಂಡಿರಲಿಲ್ಲ. ಅದು ತಾನೇ ಹೊರಗೆ ಬಿತ್ತು. ಇವರ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ತಾಟನ್ನೇ ನೋಡುತ್ತ ಮೆಲ್ಲಗೆ ಅಂದರು, "ಇದು ತಾಟಿನ ಸಿಟ್ಟಲ್ಲ. ಏನದು, ಹೇಳಿಬಿಡು ಇವತ್ತ. ನಾ ಎದ್ದು ಹೋಗಲ್ಲ."

ಎದುರುಬದುರು ಕೂತು ಕೇಳಿದ್ದರೆ ನಾನು ಏನೂ ಇಲ್ಲ ಅಂದುಬಿಡುತ್ತಿದ್ದೆ. ಹಿಂದೆಲ್ಲ ಹಾಗೇ ಅಂದಿದ್ದೆ. ಪಕ್ಕಪಕ್ಕದಲ್ಲಿ ಕೂತು ಇಬ್ಬರ ಕಣ್ಣೂ ಬೂದಿಯ ಮೇಲೆ ಇದ್ದುದಕ್ಕೋ ಏನೋ ಬಾಯಿ ಬಂತು.

"ಅವತ್ತ ಮುಂಜಾನಿ ನಿಮಗ ಗೊತ್ತಿತ್ತೇನು?"

ಯಾವತ್ತು ಅಂತ ಇವರು ಕೇಳಲಿಲ್ಲ. ಕೇಳದೇ ಇದ್ದಾಗಲೇ ನನಗೆ ಉತ್ತರ ತಿಳಿಯಿತು.

"ಗೊತ್ತಿತ್ತು" ಅಂದರು.

ಅಷ್ಟೇ. "ಆದರೆ" ಅನ್ನಲಿಲ್ಲ, "ಏನು ಮಾಡಲಿ" ಅನ್ನಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ನೀವು ಮನುಷ್ಯರೇನು ಅಂದೆ. ನನ್ನ ಅಪ್ಪ ಅಲ್ಲಿ ಜೀವ ಬಿಡುವಾಗ ನನ್ನ ಕೈಲಿ ನಿಮ್ಮ ಬೀಗರ ಎಂಜಲು ತೊಳೆಸಿದಿರಲ್ಲ ಅಂದೆ. ನೀವು ತಾಟಿನಲ್ಲಿ ಕೈ ತೊಳೆದು ಎದ್ದಾಗೆಲ್ಲ ನನಗೆ ಆ ಹಿತ್ತಲೇ ಕಾಣುತ್ತದೆ, ದಿನಕ್ಕೆ ಎರಡು ಹೊತ್ತು ಕಾಣುತ್ತದೆ ಅಂದೆ. ಕೈಯ ಬೂದಿ ಮುಖಕ್ಕೆಲ್ಲ ಮೆತ್ತಿಕೊಂಡು ಅತ್ತೆ. ಇವರು ಎದ್ದು ಹೋಗಲಿಲ್ಲ. ನನ್ನ ಉಸಿರು ತಿರುಗುವವರೆಗೆ ಹಾಗೇ ಕೂತಿದ್ದರು.

"ಯಾಕ ಹೇಳಲಿಲ್ಲ?" ಅಂತ ಕೇಳಿದೆ. ಕೇಳಿದ ಮೇಲೆ ಹೇಳಿದರು.

"ಲಾರಿಯವ ಬಂದಾಗ ನಮ್ಮಪ್ಪ, ನಾ ಇಬ್ಬರೂ ಬಾಗಿಲಾಗ ಇದ್ವಿ. ಮದುಮಕ್ಕಳ ತಲಿಗೆ ಅಕ್ಕಿಕಾಳು ಬಿದ್ದ ಮ್ಯಾಲ ಹೇಳಿದ್ರಾತು, ಹಿರಿಸೊಸಿ ಅಳಕೋತ ಹೋದ್ರ ಬೀಗರು ಏನಂದಾರು, ಅಂದ ಅಪ್ಪ. ನಾ ಹೂಂ ಅಂದೆ. ಅಕ್ಕಿಕಾಳು ಆತು. ಊಟ ಆಗಲಿ ಅಂದ. ಊಟಾ ಆತು. ಬೀಗರು ಹೋಗಲಿ ಅಂದ. ಒಂದೊಂದಕ್ಕೂ ಹೂಂ ಅಂದವ ನಾನ. ನನಗ ಬಾಯಿತ್ತು. ಎರಡು ಸಲ ಹಿತ್ತಲ ತನಕ ಬಂದು, ನಿನ್ನ ಬೆನ್ನು ನೋಡಿ ತಿರುಗಿ ಹೋದೆ. ಸಾಯೂ ಅಷ್ಟು ಆರಾಮಿಲ್ಲ ಅಂತ ತಿಳೀಲಿಲ್ಲ. ತಿಳೀದಿದ್ರೂ ಹೇಳಬೇಕಿತ್ತು."

ಮಾವನ ಮೇಲೆ ಎಲ್ಲ ಹೊರಿಸಿ ಇವರು ಪಾರಾಗುತ್ತಾರೆ ಅಂದುಕೊಂಡಿದ್ದೆ. ಹೊರಿಸಲಿಲ್ಲ. ಹೊರಿಸಿದ್ದರೆ ನನಗೆ ಇನ್ನಷ್ಟು ಬೈಯಲು ಅನುಕೂಲವಾಗುತ್ತಿತ್ತು.

"ಇಷ್ಟ ವರ್ಷ ಸುಮ್ನ ಇದ್ರೆಲ್ಲ, ನೀವರ ಹೇಳಬಾರ್ದಿತ್ತೇನು?"

"ನೀ ಕೇಳ್ತಿ ಅಂತ ಕಾದೆ. ನೀ ಬೈತಿ, ಹೊಡದರ ಹೊಡಿತಿ ಅಂತ ಕಾದೆ. ನೀ ಏನೂ ಅನ್ನಲಿಲ್ಲ. ಖಾನಾವಳಿಯಾಗ ಬಡಿಸಿದಂಗ ಬಡಿಸ್ತೀ, ಬೇಕಾ ಸಾಕಾ ಅಂತೀ, ಒಳಗ ಹೋಗ್ತೀ. ಮದಿವ್ಯಾದ ಹೊಸ್ತಾಗ ನನ್ನ ಮುಂದ ಕುಂತು ಇನ್ನೊಂದು ರೊಟ್ಟಿ ತಿನ್ರಿ ಅಂತ ಜಗಳ ಆಡ್ತಿದ್ದಿ, ನೆನಪದೇನು? ಊರಿಗೆ ಹೋದ್ರ ಅವ್ವ, ಸೊಸಿ ಯಾಕ ಬರವಲ್ಲಳು ಅಂತಾಳ. ಜ್ವರ ಅಂತೀನಿ, ಪರೀಕ್ಷಾ ಅಂತೀನಿ. ಸುಳ್ಳು ಹೇಳಿ ಹೇಳಿ ಸಾಕಾಗ್ಯಾದ ನನಗ. ನನಗೂ ಸಿಟ್ಟದ, ನಿನ್ನ ಮ್ಯಾಲ. ತಪ್ಪು ನಂದಂತ ಗೊತ್ತಿದ್ರೂ ಸಿಟ್ಟದ."

ಕಳ್ಳನಿಗೆ ಸಿಟ್ಟಂತೆ! ಹಾಗೇ ಅನ್ನಲು ಬಾಯಿ ತೆರೆದೆ. ಆದರೆ ಇವರ ಖಾನಾವಳಿಯ ಮಾತು ನನ್ನನ್ನು ತಡೆಯಿತು. ನಿಜವೇ ಹೇಳಿದ್ದರು. ತಪ್ಪು ಯಾರದೇ ಇರಲಿ, ಇಷ್ಟು ವರ್ಷ ಈ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಉಂಡಿದ್ದೆವು. ನನಗೆ ಇವರ ಮೇಲೆ ಕೆಟ್ಟ ಸಿಟ್ಟಿತ್ತು, ಆದರೂ ಆ ಬೂದಿ ಮೆತ್ತಿದ ಕೈಗಳನ್ನು, ಉಗುರಿನ ಸಂದಿಯಲ್ಲಿ ಸಿಕ್ಕಿದ ಒಣ ಬೇಳೆಯನ್ನು ನೋಡಿದರೆ ಅಯ್ಯೋ ಅನಿಸಿತು. ಎರಡೂ ಒಟ್ಟಿಗೇ ಆಗಬಹುದು ಅನ್ನುವುದು ಅವತ್ತೇ ನನಗೆ ತಿಳಿದದ್ದು.

"ನನ್ನ ಸಿಟ್ಟು ಇವತ್ತಿಗೆ ಹೋಗೂದಲ್ರಿ" ಅಂದೆ.

"ಇರಲಿ ಬಿಡು."

"ನಾಳಿಗೂ ಹೋಗೂದಲ್ಲ."

"ಇರಲಿ. ಒಲಿಗೆ ಹೇಳಬ್ಯಾಡ, ನನಗ ಹೇಳು."

ನಗು ಬಂತು, ಅಳುವಿನ ನಡುವೆಯೇ ಬಂತು, ಹಾಳಾದ್ದು. ಮನೆ ಬಿಟ್ಟು ಹೋಗುತ್ತೇನೆ ಅನ್ನುವ ಮಾತು, ನಾನು ಅಷ್ಟು ವರ್ಷ ಹೆದರಿದ್ದ ಮಾತು, ಬಾಯಿಗೆ ಬರಲೇ ಇಲ್ಲ. ಹುಡುಕಿದೆ, ಒಳಗೆಲ್ಲೂ ಅದು ಇರಲಿಲ್ಲ. ನಾನು ತಿಕ್ಕಿ ಕೊಟ್ಟೆ, ಇವರು ತೊಳೆದು ಬೋರಲು ಹಾಕಿದರು. ಮಸಿ ಬೋಗುಣಿ ಒಂದೇ ಉಳಿದಿತ್ತು. ಆಗ ಇವರು ಮತ್ತೆ ಮಾತು ತೆಗೆದರು.

"ಇನ್ನೊಂದು ಅದ. ಹೇಳಿದ್ರ ನನ್ನ ತಪ್ಪು ಮುಚ್ಚಿಕೊಳ್ಳಾಕ ಹೇಳಿದಂಗ ಆಗ್ತದಂತ ಇಷ್ಟು ದಿನ ಹೇಳಿಲ್ಲ. ಲಾರಿಯಾಗ ನಿಮ್ಮಪ್ಪಗ ಎಚ್ಚರಿತ್ತಂತ. ನಿನಗಂತ ಒಂದು ಮಾತು ಹೇಳಿ ಕಳಿಸಿದ್ರು."

ಅಪ್ಪ ಕಡೆಯದಾಗಿ ಏನಾದರೂ ಅಂದನೇ ಅಂತ ನಾನು ಅಣ್ಣನನ್ನು ಕೇಳಿದ್ದೆ, ದವಾಖಾನೆಯ ನರ್ಸನ್ನು ಕೇಳಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಆ ಡ್ರೈವರು ಯಾವ ಊರಿನವನೋ, ಮತ್ತೆ ಆ ಕಡೆ ಬಂದಿರಲಿಲ್ಲ. ಅಪ್ಪ ನನಗೆ ಏನೂ ಹೇಳದೆ ಹೋದ ಅಂತಲೇ ನಂಬಿಕೊಂಡಿದ್ದೆ.

"ಏನಂದ್ರು?"

"ಸಣ್ಣಾಕಿಗೆ ಗಾಬರಿ ಮಾಡಬ್ಯಾಡ್ರಿ, ಮದಿವಿ ಮನಿ ಅದು. ಉಂಡು ಬಾ ಅನ್ರಿ. ಖಾಲಿ ಹೊಟ್ಟಿಲೆ ಬಸ್ ಹತ್ತಿದ್ರ ಆಕಿಗೆ ವಾಂತಿ ಆಗ್ತದ, ಅಂದ್ರಂತ."

ಸಣ್ಣಾಕಿ. ಅಪ್ಪ ಬಿಟ್ಟರೆ ನನ್ನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ.

"ನೀ ಅವತ್ತು ಮುಂಜಾನಿಂದ ಸಂಜಿ ತನಕ ಏನೂ ಉಂಡಿರಲಿಲ್ಲ" ಅಂದರು ಇವರು. "ನಿನ್ನ ಕಳಿಸಲೂ ಇಲ್ಲ, ನಿನಗ ಉಣಿಸಲೂ ಇಲ್ಲ. ಎರಡರಾಗ ಒಂದರ ಮಾಡಬೇಕಿತ್ತು ನಾ." ಅಷ್ಟು ಹೇಳಿ ಆ ಮನುಷ್ಯ ಬಚ್ಚಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಸೆರಗಿನಿಂದ ಮೊದಲು ಅವರ ಮುಖ ಒರೆಸಿದೆ, ಆಮೇಲೆ ನನ್ನದು. ಸ್ವಲ್ಪ ಹತ್ತಿರ ಸರಿದು ಕೂತೆ.

"ಇನ್ನೊಮ್ಮಿ ಹೇಳ್ರಿ" ಅಂದೆ. "ಅಪ್ಪ ಅಂದಂಗ ಹೇಳ್ರಿ."

ಹೇಳಿದರು.